ಬದು, ಕಾಲುವೆ, ಹೊಂಡ ಕಳೆದ ಮೇಲೆ ಬಿತ್ತುವ ಜಾಗ ಎಷ್ಟು ಉಳಿಯುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಸಿಂಧನೂರು ತಾಲ್ಲೂಕಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ ನಮ್ಮ ಹೊಲ ಇದೆ. ನೀರು ಬಂದಾಗ ಹಿಡಿದಿಟ್ಟುಕೊಳ್ಳಬೇಕು ಎಂದು ಒಂದು ಹೊಂಡ ತೆಗೆಸಿದ್ದೇವೆ. ಅದಾದ ಮೇಲೆ ನಮಗೆ ನಿಜವಾಗಿ ನಾಟಿ ಮಾಡಲು ಉಳಿದ ಜಾಗ ಎಷ್ಟು ಎಂದು ಟೇಪು ಹಿಡಿದು ಅಳೆದೆ. ಆಮೇಲೆ ಅಕ್ಕಪಕ್ಕದವರಿಗೂ ಅಳೆದುಕೊಟ್ಟೆ. ಆಗ ಎಲ್ಲರೂ ಕೇಳಿದ ಪ್ರಶ್ನೆಗಳೇ ಇವು.

ಪಹಣಿಯಲ್ಲಿ 5 ಎಕರೆ 28 ಗುಂಟೆ ಇದೆ. ಬಿತ್ತುವ ಜಾಗವೂ ಅಷ್ಟೇ ಅಲ್ವಾ?

ಅಲ್ಲ. ಪಹಣಿ ಹೇಳುವುದು ಸರಹದ್ದಿನ ಒಳಗಿನ ಒಟ್ಟು ಜಾಗವನ್ನು. ಬದು, ನೀವೇ ತೋಡಿಕೊಂಡ ಕಾಲುವೆ, ಹೊಂಡ ಎಲ್ಲವೂ ಅದರೊಳಗೇ ಸೇರಿರುತ್ತವೆ. ನೀವು ಹೊಂಡ ತೆಗೆಸಿದಿರಿ ಅಂತ ಪಹಣಿಯ ಅಂಕಿ ತಾನಾಗಿ ಇಳಿಯುವುದಿಲ್ಲ. ಜಮೀನು ಮಾರುವಾಗ, ಪಾಲು ಮಾಡುವಾಗ ಆ ಅಂಕಿ ಬೇಕು. ಬೀಜ, ಗೊಬ್ಬರ, ಕಳೆನಾಶಕ, ನಾಟಿ ಕೂಲಿ, ಲಾವಣಿ ಇವುಗಳ ಲೆಕ್ಕಕ್ಕೆ ಬೇಕಾಗಿರುವುದು ಬೇರೆ ಅಂಕಿ. ಈ ಪುಟ ಆ ಎರಡನೇ ಅಂಕಿಯ ಬಗ್ಗೆ.

ಸರ್ವೆ ಕಚೇರಿಯ ಟಿಪ್ಪಣಿ ನಕ್ಷೆ ಸಾಕಾ?

ಸರಹದ್ದಿಗೆ ಸಾಕು. ಹೊಲದ ಮೂಲೆಗಳು, ಬದಿಗಳ ಉದ್ದ, ನಡುವಿನ ಗೆರೆಯಿಂದ ಎರಡೂ ಕಡೆ ತೆಗೆದ ಅಡ್ಡ ಅಳತೆ ಅದರಲ್ಲಿ ಸಿಗುತ್ತವೆ. ಒಳಗಿನ ಬದು, ಮೊನ್ನೆ ತೆಗೆಸಿದ ಹೊಂಡ ಅದರಲ್ಲಿ ಇರುವುದಿಲ್ಲ. ಹಾಗಾಗಿ ಸರಹದ್ದನ್ನು ಒಂದು ಹಾಳೆಯ ಮೇಲೆ ಇಳಿಸಿಕೊಂಡು, ಒಳಗಿನದನ್ನು ನೀವೇ ಬರೆದುಕೊಳ್ಳಬೇಕು. ಚಿತ್ರ ಅಂದವಾಗಿ ಇರಬೇಕಾಗಿಲ್ಲ. ಪ್ರತಿ ಗೆರೆಯ ಪಕ್ಕದಲ್ಲಿ ಅದರ ಉದ್ದ, ಅಗಲ ಅಡಿಯಲ್ಲಿ ಬರೆದಿದ್ದರೆ ಆಯಿತು.

ಅಡಿಯನ್ನು ಗುಂಟೆ ಮಾಡುವುದು ಹೇಗೆ?

33 ಅಡಿ ಉದ್ದ, 33 ಅಡಿ ಅಗಲ ಇದ್ದರೆ 1 ಗುಂಟೆ. ಅಂದರೆ 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ಯಾವುದೇ ಪಟ್ಟಿಯ ಉದ್ದವನ್ನು ಅಗಲದಿಂದ ಗುಣಿಸಿ, ಬಂದದ್ದನ್ನು 1,089ರಿಂದ ಭಾಗಿಸಿದರೆ ಗುಂಟೆ ಸಿಗುತ್ತದೆ.

ಬಳ್ಳಾರಿ, ಸಿರುಗುಪ್ಪ ಕಡೆಯವರು ಸೆಂಟಿನಲ್ಲಿ ಹೇಳುತ್ತಾರೆ. ಆ ಭಾಗ 1953ರವರೆಗೆ ಮದ್ರಾಸಿಗೆ ಸೇರಿತ್ತು, ಆ ಲೆಕ್ಕ ಇನ್ನೂ ಬಾಯಲ್ಲಿದೆ. 100 ಸೆಂಟಿಗೆ ಒಂದು ಎಕರೆ, ಹಾಗಾಗಿ ಒಂದು ಗುಂಟೆ ಅಂದರೆ ಎರಡೂವರೆ ಸೆಂಟು. ಬೀಗರು ಆ ಕಡೆಯವರಾಗಿದ್ದರೆ 20 ಅಂದದ್ದು ಗುಂಟೆಯೋ ಸೆಂಟೋ ಎಂದು ಮೊದಲು ಕೇಳಿಕೊಳ್ಳಿ.

ಬದುವಿನ ಅಗಲ ಎಲ್ಲಿಂದ ಎಲ್ಲಿಗೆ ಹಿಡಿಯಬೇಕು?

ಜಾಸ್ತಿ ಜನ ತಪ್ಪುವುದು ಇಲ್ಲೇ. ನಾನೂ ಮೊದಲ ದಿನ ಬದುವಿನ ನೆತ್ತಿಗೆ ಟೇಪು ಹಿಡಿದಿದ್ದೆ. ಒಂದೂವರೆ ಅಡಿ ಬಂತು. ಪಕ್ಕದ ಹೊಲದ ಕಾಕಾ ನೋಡುತ್ತಾ ನಿಂತಿದ್ದವರು, "ತಮ್ಮಾ, ಮ್ಯಾಲೆ ಯಾಕ ಹಿಡೀತಿ, ನೆಲ್ಲು ಎಲ್ಲಿ ಶುರು ಆಗ್ತದ ಅಲ್ಲಿ ಹಿಡಿ" ಅಂದರು. ಕೆಳಗಿಳಿದು ನೋಡಿದೆ. ಬದು ಎರಡೂ ಕಡೆ ಇಳಿಜಾರಾಗಿ ಕೆಸರಿಗೆ ಸೇರಿತ್ತು. ಈ ಕಡೆಯ ಬುಡದಲ್ಲಿ ಒಂದು ಕಡ್ಡಿ, ಆ ಕಡೆಯ ಬುಡದಲ್ಲಿ ಒಂದು ಕಡ್ಡಿ ಚುಚ್ಚಿ, ಟೇಪನ್ನು ನೆಲಕ್ಕೆ ಒರಗಿಸದೆ ಮಟ್ಟಸವಾಗಿ ಎಳೆದು ಹಿಡಿದೆವು. 3 ಅಡಿ. ನೆತ್ತಿಯ ಅಗಲಕ್ಕೆ ಸರಿಯಾಗಿ ಎರಡರಷ್ಟು.

ಟೇಪನ್ನು ಬದುವಿನ ಮೈಗೆ ಅಂಟಿಸಿ ಹತ್ತಿಸಿ ಇಳಿಸಿದರೆ ಅಳತೆ ಇನ್ನೂ ಜಾಸ್ತಿ ಬರುತ್ತದೆ, ಅದೂ ತಪ್ಪು. ನಮಗೆ ಬೇಕಾದದ್ದು ಮೇಲಿನಿಂದ ನೋಡಿದಾಗ ಕಾಣುವ ಅಗಲ ಮಾತ್ರ.

ಭತ್ತದ ಗದ್ದೆಯಲ್ಲಿ ನಾಟಿಗೆ ಮೊದಲು ಸಲಿಕೆಯಿಂದ ಬದು ಕೊಚ್ಚಿ, ಕೆಸರು ಮೆತ್ತುತ್ತಾರಲ್ಲ, ಅದಾದ ಮೇಲೆ ಅಳೆಯಿರಿ. ಬೇಸಿಗೆಯಲ್ಲಿ ಅಳೆದರೆ ಕುಸಿದ ಮಣ್ಣು, ಹುಲ್ಲು ಎಲ್ಲ ಸೇರಿ ಬುಡ ಎಲ್ಲಿದೆ ಎಂದೇ ತಿಳಿಯುವುದಿಲ್ಲ. ಒಂದೇ ಕಡೆ ಅಳೆದು ಬಿಡಬೇಡಿ. ಒಂದೊಂದು ಬದುವಿಗೆ ಮೂರು ಕಡೆಯಾದರೂ ಅಳೆದು ಸರಾಸರಿ ತೆಗೆಯಿರಿ.

ಹತ್ತಿ, ತೊಗರಿ ಹೊಲದಲ್ಲಿ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಕೊನೆ ಸಾಲು ಬುಡಕ್ಕೆ ಅಂಟಿಕೊಂಡು ಇರುವುದಿಲ್ಲ. ಬದುವಿನ ಈಚೆಯ ಕೊನೆ ಸಾಲಿನಿಂದ ಆಚೆಯ ಮೊದಲ ಸಾಲಿಗೆ ಅಳೆದು, ಅದರಲ್ಲಿ ಒಂದು ಸಾಲಿನ ಅಂತರ ಕಳೆಯಿರಿ. ಸಾಲಿನಿಂದ ಸಾಲಿಗೆ 3 ಅಡಿ ಇದ್ದು, ಬದು ದಾಟಿ 8 ಅಡಿ ಬಂದರೆ, ಬದುವಿಗೆ ಹೋದದ್ದು 5 ಅಡಿ. ಎರಡೂ ಕಡೆಯ ಅರ್ಧರ್ಧ ಸಾಲಿನ ಜಾಗ ಬೆಳೆಯದ್ದೇ, ಅದನ್ನು ಬದುವಿನ ಖಾತೆಗೆ ಹಾಕಬಾರದು.

ಗಡಿಯ ಬದು ಇಬ್ಬರದೂ. ಪೂರ್ತಿ ಕಳೆಯಬೇಕಾ, ಅರ್ಧವಾ?

ಸರಹದ್ದಿನ ಗೆರೆ ಬದುವಿನ ನಡುವೆ ಹಾದು ಹೋಗಿದ್ದರೆ ಅರ್ಧ. ಬದು ಪೂರ್ತಿ ನಿಮ್ಮ ಕಡೆಯೇ ಇದ್ದರೆ ಪೂರ್ತಿ. ಪೂರ್ತಿ ಅವರ ಕಡೆ ಇದ್ದರೆ ಏನೂ ಇಲ್ಲ. ಗಡಿಕಲ್ಲು ಬದುವಿನಲ್ಲಿ ಎಲ್ಲಿ ನಿಂತಿದೆ ನೋಡಿದರೆ ಗೊತ್ತಾಗುತ್ತದೆ. ಕಲ್ಲು ಕಾಣದಿದ್ದರೆ ಸದ್ಯಕ್ಕೆ ಅರ್ಧ ಹಿಡಿಯಿರಿ. ಬೀಜ ಗೊಬ್ಬರದ ಲೆಕ್ಕಕ್ಕೆ ಅಷ್ಟು ಸಾಕು. ಅದನ್ನೇ ಹಿಡಿದುಕೊಂಡು ಪಕ್ಕದವರ ಜೊತೆ ಗಡಿ ವಾದಕ್ಕೆ ಹೋಗಬೇಡಿ, ಅದಕ್ಕೆ ಸರ್ವೆಯವರೇ ಬಂದು ಅಳೆಯಬೇಕು.

ಕಾಲುವೆಗೆ ನೀರು ಹರಿಯುವ ಅಗಲ ಮಾತ್ರ ಸಾಕಲ್ವಾ?

ಸಾಲದು. ಎರಡೂ ದಂಡೆಗಳ ಹೊರ ಬುಡದಿಂದ ಹೊರ ಬುಡಕ್ಕೆ ಅಳೆಯಬೇಕು. ನಮ್ಮ ಹೊಲಗಾಲುವೆಯಲ್ಲಿ ನೀರು ಹರಿಯುವುದು 2 ಅಡಿ ಅಗಲದಲ್ಲಿ. ದಂಡೆಗಳು ತಲಾ ಎರಡೂವರೆ ಅಡಿ. ಒಟ್ಟು 7 ಅಡಿ.

ಇನ್ನೊಂದು ಮಾತು. ಕಾಲುವೆಯ ಒಂದು ದಂಡೆಯಾಗಿ ಗಡಿ ಬದುವೇ ನಿಂತಿರುತ್ತದೆ, ತುಂಬಾ ಕಡೆ ಹೀಗಿದೆ. ಆಗ ಆ ಬದುವನ್ನು ಒಮ್ಮೆ ಬದು ಅಂತ, ಇನ್ನೊಮ್ಮೆ ದಂಡೆ ಅಂತ ಎರಡು ಸಲ ಕಳೆದುಬಿಡುತ್ತೇವೆ. ನಕ್ಷೆಯಲ್ಲಿ ಕಳೆದ ಭಾಗಕ್ಕೆ ಪೆನ್ಸಿಲಿನಿಂದ ಗೆರೆ ಎಳೆಯುತ್ತಾ ಹೋಗಿ. ಗೆರೆ ಬಿದ್ದ ಜಾಗಕ್ಕೆ ಮತ್ತೆ ಹೋಗಬೇಡಿ.

ನೆಲದೊಳಗೆ ಹೂತ ಪೈಪಿನ ಮೇಲೆ ಬೆಳೆ ನಿಲ್ಲುತ್ತದೆ, ಅದಕ್ಕೆ ಏನೂ ಕಳೆಯಬೇಕಿಲ್ಲ.

ಹೊಂಡ 21 ಮೀಟರು × 21 ಮೀಟರು. ಅದಕ್ಕೆ ನಾಲ್ಕು ಗುಂಟೆ ಕಳೆದರೆ ಸರಿಯಾ?

ಸರಿ ಆಗುವುದಿಲ್ಲ, ಸುಮಾರು ಅರ್ಧ ಬಿಟ್ಟುಹೋಗುತ್ತದೆ.

21 ಮೀಟರು ಅಂದರೆ ಸುಮಾರು 69 ಅಡಿ. ಇದು ಹೊಂಡದ ಬಾಯಿಯ ಅಳತೆ. 69 × 69 = 4,761 ಚದರ ಅಡಿ, ಅಂದರೆ 4.4 ಗುಂಟೆ. ಹೊಂಡದ ಗೋಡೆ ಇಳಿಜಾರಾಗಿರುವುದರಿಂದ ತಳ ಇನ್ನೂ ಚಿಕ್ಕದು. 3 ಮೀಟರು ಆಳಕ್ಕೆ, ಒಂದಕ್ಕೆ ಒಂದೂವರೆ ಇಳಿಜಾರಿನಲ್ಲಿ ತೆಗೆದರೆ ತಳ 12 ಮೀಟರು ಮಾತ್ರ ಉಳಿಯುತ್ತದೆ, 1.4 ಗುಂಟೆ. ನೀರು ಕಡಿಮೆ ಇದ್ದಾಗ ನೀರಿನ ಅಂಚು ಅಳೆದವರಿಗೆ ಹೀಗೇ ಮೋಸ ಆಗುತ್ತದೆ.

ಈಗ ಬಾಯಿಯಿಂದ ಹೊರಗೆ ಬನ್ನಿ. ಅಂಚಿನಲ್ಲಿ ಪ್ಲಾಸ್ಟಿಕ್ ಹಾಳೆಯನ್ನು ಮಡಿಸಿ ಹೂತಿರುವ ಗುಂಡಿ ಇರುತ್ತದೆ. ನಡೆದಾಡಲು, ಮೋಟರು ಇಡಲು ಸ್ವಲ್ಪ ಜಾಗ ಬಿಟ್ಟಿರುತ್ತಾರೆ. ಅದರಾಚೆ, ತೋಡಿ ತೆಗೆದ ಮಣ್ಣು ಸುತ್ತಲೂ ದಿಬ್ಬವಾಗಿ ಬಿದ್ದಿರುತ್ತದೆ. ನಮ್ಮಲ್ಲಿ ಓಡಾಡುವ ಜಾಗ 5 ಅಡಿ, ದಿಬ್ಬದ ಬುಡ 8 ಅಡಿ, ಒಟ್ಟು 13 ಅಡಿ ಒಂದೊಂದು ಕಡೆಗೆ. 69ಕ್ಕೆ ಎರಡು ಕಡೆಯ 26 ಸೇರಿಸಿದರೆ 95 ಅಡಿ. 95 × 95 = 9,025 ಚದರ ಅಡಿ, ಅಂದರೆ 8.3 ಗುಂಟೆ.

ತಳದಲ್ಲಿ 1.4, ಬಾಯಿಯಲ್ಲಿ 4.4, ಹೊರಗಿನ ಬುಡದಲ್ಲಿ 8.3. ಒಂದೇ ಹೊಂಡಕ್ಕೆ ಮೂರು ಅಂಕಿ. ಕಳೆಯಬೇಕಾದದ್ದು ಮೂರನೆಯದನ್ನು. ದಿಬ್ಬದ ಮಣ್ಣನ್ನು ಹೊಲಕ್ಕೆ ಹರಡಿಸಿದರೆ ಅಷ್ಟು ಜಾಗ ವಾಪಸ್ ಬರುತ್ತದೆ ನಿಜ. ಆದರೆ ಆಳದ ಮಣ್ಣು ಮೇಲಿನ ಮಣ್ಣಿನಂತೆ ಇರುವುದಿಲ್ಲ, ಮೊದಲ ಬೆಳೆ ಅಲ್ಲಿ ಸೊರಗಬಹುದು. ಆಳ ಎಷ್ಟೇ ಇರಲಿ, ಜಾಗದ ಲೆಕ್ಕಕ್ಕೆ ಅದು ಬೇಡ. ಆಳ ಬೇಕಾಗುವುದು ನೀರು ಎಷ್ಟು ಹಿಡಿಸುತ್ತದೆ ಎಂದು ನೋಡಲು.

ಒಂದು ಹೊಲದ ಲೆಕ್ಕ ಪೂರ್ತಿ ಮಾಡಿ ತೋರಿಸುತ್ತೀರಾ?

ನಮ್ಮ ಹೊಲದ ಅಳತೆಗೆ ಹತ್ತಿರ ಇರುವ, ಲೆಕ್ಕಕ್ಕೆ ಸುಲಭವಾಗುವಂತೆ ಅಂಕಿ ಜೋಡಿಸಿದ ಒಂದು ಹೊಲ ತೆಗೆದುಕೊಳ್ಳೋಣ. ಪಶ್ಚಿಮದ ಬದಿ 396 ಅಡಿ, ನೆಟ್ಟಗೆ ಇದೆ. ಉತ್ತರ 594 ಅಡಿ, ದಕ್ಷಿಣ 660 ಅಡಿ. ಪೂರ್ವದ ಬದಿ ಮಾತ್ರ ಓರೆ, ಅಳೆದರೆ 401 ಅಡಿ.

ಉತ್ತರ ದಕ್ಷಿಣ ಎರಡರ ಸರಾಸರಿ 627. ಅದನ್ನು 396ರಿಂದ ಗುಣಿಸಿದರೆ 2,48,292 ಚದರ ಅಡಿ. 1,089ರಿಂದ ಭಾಗಿಸಿದರೆ ಸರಿಯಾಗಿ 228 ಗುಂಟೆ, 5 ಎಕರೆ 28 ಗುಂಟೆ. ಪಹಣಿಗೆ ತಾಳೆ ಆಯಿತು. ಇಲ್ಲಿ ತಾಳೆ ಆಗದೆ ಮುಂದೆ ಹೋಗಬೇಡಿ.

ಮೊದಲು ಸುತ್ತಲಿನದು. ಉತ್ತರಕ್ಕೆ ಗಡಿಯ ಒಳಗೇ ಹೊಲಗಾಲುವೆ ಇದೆ, 7 ಅಡಿ. 594 × 7 = 4,158. ಉಳಿದ ಮೂರು ಕಡೆ 4 ಅಡಿಯ ಗಡಿ ಬದು, ನಮ್ಮ ಪಾಲು 2 ಅಡಿ. ಪಶ್ಚಿಮದಲ್ಲಿ ಕಾಲುವೆಯ 7 ಅಡಿ ಆಗಲೇ ಹೋಗಿದೆ, ಉಳಿದ ಉದ್ದ 389. ದಕ್ಷಿಣದಲ್ಲಿ ಒಂದು ಮೂಲೆಯ 2 ಅಡಿ ಕಳೆದು 658. ಪೂರ್ವದಲ್ಲಿ 392. ಮೂರೂ ಕೂಡಿ 1,439 ಅಡಿ, ಎರಡರಿಂದ ಗುಣಿಸಿದರೆ 2,878. ಸುತ್ತಲಿನ ಒಟ್ಟು 7,036 ಚದರ ಅಡಿ.

ಎರಡನೆಯದು ಹೊಂಡ. ಇಳಿಜಾರು ನೈಋತ್ಯಕ್ಕೆ, ಹಾಗಾಗಿ ಹೊಂಡ ಆ ಮೂಲೆಯಲ್ಲಿ, ಗಡಿ ಬದುವಿನ ಒಳಗೆ ಅದಕ್ಕೆ ತಾಗಿಕೊಂಡು ಇದೆ. ದಿಬ್ಬ ಸೇರಿ 9,025.

ಮೂರನೆಯದು ಹೊಂಡಕ್ಕೆ ನೀರು ತರುವ ಕಾಲುವೆ. ಉತ್ತರದ ಹೊಲಗಾಲುವೆಯಿಂದ ಪಶ್ಚಿಮದ ಬದುವಿನ ಪಕ್ಕದಲ್ಲೇ ಇಳಿದು ಬರುತ್ತದೆ, 292 ಅಡಿ ಉದ್ದ. ಇದರ ಒಂದು ದಂಡೆ ಗಡಿ ಬದುವೇ, ಅದನ್ನು ಆಗಲೇ ಕಳೆದಿದ್ದೇವೆ. ಹೊಸದಾಗಿ ಹೋದದ್ದು ನೀರಿನ 2 ಅಡಿ, ಒಂದೇ ದಂಡೆಯ 2 ಅಡಿ. 292 × 4 = 1,168.

ಕೊನೆಗೆ ಒಳಗಿನ ಬದುಗಳು. ಬುಡದಲ್ಲಿ 3 ಅಡಿಯವು. ಪೂರ್ವ ಪಶ್ಚಿಮವಾಗಿ ಹೊಲದ ನಡುವೆ ಒಂದು ಇದೆ. ಅಲ್ಲಿ ಹೊಲದ ಅಗಲ 627. ಎರಡೂ ಗಡಿ ಬದುವಿನ 4 ಅಡಿ, ಹೊಂಡದ ಕಾಲುವೆಯ 4 ಅಡಿ ಹೋಗಿ 619. ಉತ್ತರ ದಕ್ಷಿಣವಾಗಿ ಎರಡು ಇವೆ. ಒಂದೊಂದೂ 387 ಅಡಿ, ಅಡ್ಡ ಬದುವನ್ನು ದಾಟುವಲ್ಲಿ 3 ಅಡಿ ಬಿಟ್ಟು 384. ಮೂರೂ ಕೂಡಿ 1,387 ಅಡಿ, ಮೂರರಿಂದ ಗುಣಿಸಿದರೆ 4,161.

ಎಲ್ಲ ಸೇರಿ 7,036 + 9,025 + 1,168 + 4,161 = 21,390 ಚದರ ಅಡಿ. ಗುಂಟೆಯಲ್ಲಿ 19.6. ಇನ್ನೂರ ಇಪ್ಪತ್ತೆಂಟರಲ್ಲಿ ಇದನ್ನು ಕಳೆದರೆ 208.4 ಗುಂಟೆ, ಅಂದರೆ 5 ಎಕರೆ 8 ಗುಂಟೆ ಚಿಲ್ಲರೆ. ಹೆಚ್ಚೂಕಡಿಮೆ ಅರ್ಧ ಎಕರೆ ಬದು ಕಾಲುವೆ ಹೊಂಡಕ್ಕೆ ಹೋಗಿದೆ.

ಇದೇ ಹೊಲವನ್ನು ಬದುವಿನ ನೆತ್ತಿ ಒಂದೂವರೆ ಅಡಿ, ಕಾಲುವೆಯ ನೀರಿನ ಅಗಲ 2 ಅಡಿ, ಹೊಂಡದ ಬಾಯಿ 69 ಅಡಿ ಹಿಡಿದು ಮಾಡಿದರೆ 9 ಗುಂಟೆ ಮಾತ್ರ ಕಳೆಯುತ್ತದೆ. ಉಳಿದ ಹತ್ತೂವರೆ ಗುಂಟೆ ಕಾಗದದ ಮೇಲೆ ಇರುತ್ತದೆ, ಹೊಲದಲ್ಲಿ ಇರುವುದಿಲ್ಲ.

ಬದುಗಳು ಕೂಡುವ ಮೂಲೆಗಳನ್ನು ಎರಡು ಸಲ ಕಳೆದುಬಿಟ್ಟರೆ ತುಂಬಾ ತಪ್ಪಾಗುತ್ತದಾ?

ಶಾಲೆಯ ಲೆಕ್ಕದಲ್ಲಿ ಮೇಷ್ಟ್ರು ಇದನ್ನೇ ಒತ್ತಿ ಹೇಳುತ್ತಾರೆ. ಅಭ್ಯಾಸ ಒಳ್ಳೆಯದೇ. ಆದರೆ ಮೇಲಿನ ಹೊಲದಲ್ಲಿ ಸುತ್ತಲಿನ ನಾಲ್ಕೂ ಮೂಲೆಗಳನ್ನು ಎರಡು ಸಲ ಕಳೆದಿದ್ದರೂ ವ್ಯತ್ಯಾಸ 36 ಚದರ ಅಡಿ. ಒಂದು ಎತ್ತಿನ ಬಂಡಿ ನಿಲ್ಲಿಸುವಷ್ಟೂ ಇಲ್ಲ. ಅದೇ ಉತ್ತರದ ಕಾಲುವೆಯ ಅಗಲದಲ್ಲಿ ಒಂದೇ ಒಂದು ಅಡಿ ತಪ್ಪಿದರೆ 594 ಚದರ ಅಡಿ, ಅರ್ಧ ಗುಂಟೆಗಿಂತ ಜಾಸ್ತಿ. ನಿಮ್ಮ ಹತ್ತಿರ ಒಂದು ತಾಸು ಇದ್ದರೆ ಅದನ್ನು ಅಗಲ ಸರಿಯಾಗಿ ಹಿಡಿಯಲು ಖರ್ಚು ಮಾಡಿ.

ದೊಡ್ಡದೊಂದರ ಒಳಗೆ ಇನ್ನೊಂದು ಹಾದುಹೋಗುವ ಕಡೆ ಮಾತ್ರ ಹುಷಾರು. ಒಳಗಿನ ಬದು ಹೊಂಡದ ದಿಬ್ಬಕ್ಕೆ ಬಂದು ಮುಟ್ಟಿದ್ದರೆ ಅಲ್ಲಿಗೇ ನಿಲ್ಲಿಸಿ. ಹಳೆ ಬದುವನ್ನು ಕಡಿದು ಹೊಂಡ ತೆಗೆಸಿದವರು, ಈಗ ಇಲ್ಲದ ಆ 95 ಅಡಿಯನ್ನೂ ನಕ್ಷೆಯಲ್ಲಿ ನೋಡಿ ಕಳೆದುಬಿಡುತ್ತಾರೆ.

ಪಹಣಿಯಲ್ಲಿ ಖರಾಬು ಅಂತ ಬೇರೆ ಇದೆಯಲ್ಲ, ಅದು ಇದೇನಾ?

ಅದು ಬೇರೆ. 'ಅ' ಖರಾಬು ಅಂದರೆ ಸರ್ವೆ ಕಾಲದಲ್ಲೇ ಸಾಗುವಳಿಗೆ ಬಾರದ್ದು ಎಂದು ಬರೆದ ಜಾಗ. 'ಬ' ಖರಾಬು ಅಂದರೆ ದಾರಿ, ಹಳ್ಳದಂಥ ಸಾರ್ವಜನಿಕ ಉಪಯೋಗದ ಜಾಗ. ಪಹಣಿ ಒಟ್ಟು ಕ್ಷೇತ್ರದಿಂದ ಎರಡನ್ನೂ ಕಳೆದು ಉಳಿದದ್ದನ್ನು ತೋರಿಸುತ್ತದೆ. ನೀವು ಆ ಉಳಿದ ಅಂಕಿಯಿಂದ ಶುರು ಮಾಡಿ, ಮತ್ತೆ ಖರಾಬಿನ ಮೇಲೆಯೇ ಇರುವ ಹೊಂಡವನ್ನೂ ಕಳೆದರೆ ಒಂದೇ ಜಾಗ ಎರಡು ಸಲ ಹೋಗುತ್ತದೆ. ಕಲ್ಲು ನೆಲ ಹೇಗೂ ಬಿತ್ತಲು ಬಾರದು ಎಂದು ತಮ್ಮ 'ಅ' ಖರಾಬಿನಲ್ಲೇ ಹೊಂಡ ಮಾಡಿಸಿದವರಿದ್ದಾರೆ, ಅವರಿಗೆ ಈ ತಪ್ಪು ಸುಲಭವಾಗಿ ಆಗುತ್ತದೆ. ಒಟ್ಟು ಕ್ಷೇತ್ರದಿಂದಲೇ ಶುರು ಮಾಡಿ, ಖರಾಬನ್ನೂ ನಕ್ಷೆಯ ಮೇಲೆ ಗುರುತು ಹಾಕಿ, ಪೆನ್ಸಿಲ್ ಗೆರೆ ಎಳೆಯಿರಿ.

ನಕ್ಷೆಯ ಫೋಟೋ ಪ್ರಿಂಟು ತೆಗೆದು, ಸ್ಕೇಲಿನಿಂದ ಅಳೆದರೆ ನಡೆಯುತ್ತದಾ?

ಪ್ರಿಂಟಿನಲ್ಲಿ ಅಳತೆ ಕುಗ್ಗುತ್ತದೆ. ಉದ್ದ ನೂರಕ್ಕೆ 10 ಕುಗ್ಗಿದರೆ ಜಾಗ ನೂರಕ್ಕೆ 19 ಕುಗ್ಗುತ್ತದೆ, ಏಕೆಂದರೆ ಅಗಲವೂ ಜೊತೆಗೇ ಕುಗ್ಗಿರುತ್ತದೆ. ನಕ್ಷೆಯ ಮೇಲೆ ಬರೆದ ಅಂಕಿಯನ್ನು ನಂಬಿ, ಗೆರೆಯ ಉದ್ದವನ್ನಲ್ಲ. 3 ಅಡಿಯ ಬದು ಅಂತಹ ನಕ್ಷೆಯಲ್ಲಿ ಪೆನ್ನಿನ ಗೆರೆಯಷ್ಟೇ ದಪ್ಪ ಇರುತ್ತದೆ, ಅದರ ಅಗಲವನ್ನು ಸ್ಕೇಲಿನಲ್ಲಿ ಹಿಡಿಯಲು ಆಗುವುದೇ ಇಲ್ಲ.

ಮೊಬೈಲ್ ಹಿಡಿದು ಹೊಲ ಸುತ್ತಿ ಬಂದರೆ?

ಇಡೀ ಹೊಲಕ್ಕೆ ಅಂದಾಜು ಸಿಗುತ್ತದೆ. ಬದುವಿಗೆ ಆಗುವುದಿಲ್ಲ. ಮೊಬೈಲು ತೋರಿಸುವ ಜಾಗ ಕೆಲವು ಮೀಟರು ಆಚೆ ಈಚೆ ಇರುತ್ತದೆ, ಬದು ಇರುವುದು ಒಂದು ಮೀಟರಿಗಿಂತ ಕಡಿಮೆ.

ಲೆಕ್ಕ ಸರಿ ಬಂದಿದೆ ಅಂತ ಹೇಗೆ ಗೊತ್ತಾಗುತ್ತದೆ?

ಉಲ್ಟಾ ಮಾಡಿ ನೋಡಿ. ಕಳೆಯುವ ಬದಲು, ನಾಟಿ ಮಾಡುವ ಒಂದೊಂದು ಮಡಿಯ ಒಳಗಿನ ಅಳತೆ ತೆಗೆದು ಕೂಡಿಸಿ. ಮೇಲಿನ ಹೊಲದಲ್ಲಿ ಆರು ಮಡಿಗಳು. ಉತ್ತರದ ಮೂರು 37.0, 37.8, 29.1 ಗುಂಟೆ. ದಕ್ಷಿಣದಲ್ಲಿ ಹೊಂಡದ ಪಕ್ಕದ ಮಡಿ 30.0, ಉಳಿದವು 38.8, 35.7. ಕೂಡಿದರೆ 208.4. ಕಳೆದು ಬಂದದ್ದೂ ಅದೇ.

ನಿಜವಾದ ಹೊಲದಲ್ಲಿ ಇಷ್ಟು ಸರಿಯಾಗಿ ಕೂಡಿಬರುವುದಿಲ್ಲ. ಒಂದೆರಡು ಗುಂಟೆ ಹೆಚ್ಚುಕಡಿಮೆ ಇದ್ದರೆ ಬಿಡಿ. ನಾಲ್ಕೈದು ಗುಂಟೆ ವ್ಯತ್ಯಾಸ ಬಂದರೆ ಏನೋ ಬಿಟ್ಟುಹೋಗಿದೆ ಅಥವಾ ಎರಡು ಸಲ ಹೋಗಿದೆ. ನಾನಾದರೆ ಮೊದಲು ಹೊಂಡದ ದಿಬ್ಬವನ್ನು ನೋಡುತ್ತೇನೆ.

ಅರ್ಧ ಎಕರೆ ವ್ಯತ್ಯಾಸದಿಂದ ಖರ್ಚಿನಲ್ಲಿ ಏನಾಗುತ್ತದೆ?

ಎಕರೆಗೆ ಒಂದು ಚೀಲ ಡಿಎಪಿ ಹಾಕುವವರಿಗೆ ಸೀದಾ ಅರ್ಧ ಚೀಲ ಉಳಿಯುತ್ತದೆ. ಕಳೆನಾಶಕದಲ್ಲಿ ಉಳಿತಾಯಕ್ಕಿಂತ ಬೆಳೆಯ ಚಿಂತೆ ದೊಡ್ಡದು. 5.7 ಎಕರೆಗೆ ಅಂತ ತಂದ ಔಷಧವನ್ನು 5.2 ಎಕರೆಗೆ ಸುರಿದರೆ ಹತ್ತಿರ ಹತ್ತಿರ ನೂರಕ್ಕೆ 10 ಜಾಸ್ತಿ ಬೀಳುತ್ತದೆ.

ನಾಟಿಯನ್ನು ಎಕರೆ ಗುತ್ತಿಗೆಗೆ ಕೊಡುವಾಗ ಬಾಯಿಮಾತಿನಲ್ಲಿ ಪಹಣಿಯ ಅಂಕಿಯೇ ನಡೆಯುತ್ತದೆ. ಮೊದಲೇ ಆರೂ ಮಡಿಯ ಅಳತೆ ತೋರಿಸಿ ಮಾತಾಡಿದರೆ ನಾಟಿಯವರೂ ಒಪ್ಪುತ್ತಾರೆ, ಬೇಕಾದರೆ ಅವರೇ ಅಳೆದುಕೊಳ್ಳಲಿ. ಕೆಲಸ ಮುಗಿದ ಮೇಲೆ ಅಳತೆ ತೆಗೆದು ಕೂಲಿ ಕಡಿಯುವುದು ಮಾತ್ರ ತಪ್ಪು, ಅವರು ದಿನವಿಡೀ ಬೆನ್ನು ಬಗ್ಗಿಸಿರುತ್ತಾರೆ.

ಲಾವಣಿಯಲ್ಲಿ ಮೊತ್ತ ದೊಡ್ಡದಾಗುತ್ತದೆ. ಎಕರೆಗೆ 10 ಚೀಲ ಭತ್ತ ಎಂದು ಮಾತಾಗಿದೆ ಅಂತ ಇಟ್ಟುಕೊಳ್ಳಿ. ಪಹಣಿಯ ಲೆಕ್ಕಕ್ಕೆ 57 ಚೀಲ, ಬಿತ್ತುವ ಜಾಗದ ಲೆಕ್ಕಕ್ಕೆ 52. ಐದು ಚೀಲಕ್ಕೆ ಸಂಬಂಧ ಕೆಟ್ಟದ್ದನ್ನು ನಮ್ಮ ಓಣಿಯಲ್ಲೇ ನೋಡಿದ್ದೇನೆ. ಹೊಂಡದ ನೀರು ಲಾವಣಿ ಮಾಡುವವರಿಗೇ ಸಿಗುವುದಾದರೆ ಹೊಂಡದ ಜಾಗವನ್ನು ಲೆಕ್ಕಕ್ಕೆ ಹಿಡಿಯಬೇಕು ಎಂದು ಹೊಲದವರು ಕೇಳುವುದರಲ್ಲೂ ನ್ಯಾಯ ಇದೆ. ಯಾವ ಅಂಕಿ ಹಿಡಿದರೂ ಸರಿ, ಯಾವುದು ಎಂದು ಮೊದಲೇ ಕಾಗದದಲ್ಲಿ ಬರೆದಿರಬೇಕು.

ಬದುವಿನ ಮೇಲೆ ತೊಗರಿ ಹಾಕುತ್ತೇವೆ. ಆಗಲೂ ಕಳೆಯಬೇಕಾ?

ಭತ್ತದ ಲೆಕ್ಕಕ್ಕೆ ಕಳೆಯಲೇಬೇಕು, ಅಲ್ಲಿ ಭತ್ತ ಇಲ್ಲವಲ್ಲ. ತೊಗರಿಯನ್ನು ಬೇರೆಯೇ ಬರೆದುಕೊಳ್ಳಿ. ಅದನ್ನು ಗುಂಟೆಯಲ್ಲಿ ಬರೆಯುವುದಕ್ಕಿಂತ ಇಷ್ಟು ಅಡಿ ಉದ್ದದ ಒಂದು ಸಾಲು ಎಂದು ಬರೆದರೆ ಬೀಜ ಎಷ್ಟು ಬೇಕು ಎಂದು ಬೇಗ ತಿಳಿಯುತ್ತದೆ.

ಒಮ್ಮೆ ಅಳೆದರೆ ಸಾಕಾ, ಪ್ರತಿ ವರ್ಷ ಅಳೆಯಬೇಕಾ?

ಸರಹದ್ದು, ಹೊಂಡ ಒಮ್ಮೆ ಸಾಕು. ಬದು ಮತ್ತು ಕಾಲುವೆಯ ಅಗಲ ಬದಲಾಗುತ್ತಾ ಇರುತ್ತದೆ. ಪ್ರತಿ ಸಲ ಕಾಲುವೆಯ ಹೂಳು ತೆಗೆದು ನಾವು ಹಾಕುವುದು ದಂಡೆಯ ಮೇಲೆಯೇ. ಅದು ಒಣಗಿ, ಮಳೆಗೆ ಇಳಿದು, ಹೊಲದ ಕಡೆ ಕಾಲು ಚಾಚುತ್ತದೆ. ನಮ್ಮ ಉತ್ತರದ ಕಾಲುವೆಯನ್ನು ಮೂರು ವರ್ಷದ ಮೇಲೆ ಮತ್ತೆ ಅಳೆದಾಗ 7 ಅಡಿ ಇದ್ದದ್ದು 8 ಆಗಿತ್ತು. ಆ ಸಲ ನಾಟಿಗೆ ಮೊದಲು ಎರಡು ದಿನ ಸಲಿಕೆ ಹಿಡಿದು ದಂಡೆಯನ್ನು ಹಿಂದಕ್ಕೆ ಕಡಿದೆವು, ಆ ಮಣ್ಣನ್ನು ತಗ್ಗಿದ್ದ ಮಡಿಗೆ ಹಾಕಿದೆವು.